ಸ್ವಸಹಾಯ ಸಂಘದ ಪ್ರತಿನಿಧಿ: ಅಧಿಕಾರವಿಲ್ಲದ ಹೊಣೆಯನ್ನು ನ್ಯಾಯವಾಗಿ ನಿರ್ವಹಿಸುವ ಬಗೆ

ಶ್ರೀಮಠಕ್ಕೆ ಬರುವ ತಾಯಂದಿರು ಪೂಜ್ಯರ ದರ್ಶನ ಮುಗಿಸಿ, ಹೊರಡುವ ಮುನ್ನ ಕಚೇರಿಯ ಬಾಗಿಲಲ್ಲಿ ನಿಂತು ನಮ್ಮೊಡನೆ ಹೇಳಿಕೊಳ್ಳುವ ಚಿಂತೆಗಳಲ್ಲಿ ಒಂದು ಬಗೆಯದು ಮತ್ತೆ ಮತ್ತೆ ಕೇಳಿಬರುತ್ತದೆ. "ನಮ್ಮ ಸಂಘದಾಗ ಒಬ್ಬಾಕಿ ಮೂರು ತಿಂಗಳಾತ್ರೀ, ಕಂತು ಕಟ್ಟವಲ್ಲಳು. ಅಜ್ಜಾರು ಒಂದ್ ಮಾತು ಹೇಳಿದ್ರ ಕೇಳ್ತಾಳ್ರೀ" ಎಂಬುದು ಅದರ ಸಾರ. ಆಗ ನಾವು ಕೇಳುವ ಮೊದಲ ಪ್ರಶ್ನೆ, "ನಡಾವಳಿ ಪುಸ್ತಕ ತಂದೀರೇನು?" ಎಂಬುದು. ಬಹಳಷ್ಟು ಸಲ ಪುಸ್ತಕ ಬಂದಿರುವುದಿಲ್ಲ. ಕೆಲವೊಮ್ಮೆ ಬಂದಿದ್ದರೂ ಅದರಲ್ಲಿ ಆ ಸಾಲದ ಮಾತೇ ಇರುವುದಿಲ್ಲ.

ಪೂಜ್ಯರ ಮಾತಿಗೆ ಆ ತಾಯಿ ತಲೆಬಾಗಿ ಈ ತಿಂಗಳ ಕಂತು ಕಟ್ಟಬಹುದು. ಆದರೆ ಸಂಘದ ವ್ಯಾಜ್ಯವನ್ನು ಸಂಘದ ಹೊರಗಿನವರು ತೀರ್ಮಾನಿಸಿದ ದಿನದಿಂದ ಸಭೆಯ ಮಾತಿಗೆ ಇದ್ದ ಬೆಲೆ ಇಳಿಯುತ್ತದೆ. ಮುಂದಿನ ಸಲ ಸಣ್ಣ ಜಗಳವೂ ಮಠದ ಮೆಟ್ಟಿಲು ಹತ್ತುತ್ತದೆ. ಆದ್ದರಿಂದ ಪ್ರತಿನಿಧಿಗಳಾಗಿ ದುಡಿಯುತ್ತಿರುವ ತಾಯಂದಿರ ಉಪಯೋಗಕ್ಕೆಂದು, ಇಂಥ ಒಂದು ಬಾಕಿಯ ಪ್ರಕರಣವನ್ನೇ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇವೆ.

ಮೊದಲಿಗೆ ಪ್ರತಿನಿಧಿಯ ಸ್ಥಾನವೇನೆಂಬುದು ಸ್ಪಷ್ಟವಾಗಬೇಕು. 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಕಾರ್ಯಕ್ರಮವನ್ನು ಆರಂಭಿಸಿತು. ನಮ್ಮ ರಾಜ್ಯದಲ್ಲಿ 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ಅಂದಿನಿಂದ ಇಂದಿನವರೆಗೆ ಸಂಘವೆಂದರೆ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತು ಮಂದಿಯ, ನೋಂದಣಿಯಿಲ್ಲದ ಕೂಟ. ಇಪ್ಪತ್ತರ ಮಿತಿಗೂ ಕಾರಣವಿದೆ: ಅದಕ್ಕಿಂತ ಹೆಚ್ಚು ಮಂದಿ ಸೇರಿ ಲಾಭದ ವ್ಯವಹಾರ ನಡೆಸುವುದಾದರೆ ನೋಂದಣಿ ಆಗಲೇಬೇಕೆಂದು 1956ರ ಕಂಪನಿ ಕಾಯಿದೆ ಹೇಳುತ್ತಿತ್ತು. ನೋಂದಣಿಯಿಲ್ಲದ ಇಂಥ ಕೂಟದಲ್ಲಿ ಪ್ರತಿನಿಧಿಗೆ ಕಾನೂನು ಕೊಟ್ಟ ವಿಶೇಷ ಅಧಿಕಾರವಿಲ್ಲ, ಸಂಬಳವಿಲ್ಲ. ಆಕೆ ದಂಡ ಹಾಕಲಾರಳು, ಸಾಲ ಮಂಜೂರು ಮಾಡಲಾರಳು, ಯಾರನ್ನೂ ಹೊರಗೆ ಹಾಕಲಾರಳು. ಇವೆಲ್ಲ ಸಭೆಯ ಕೆಲಸ. ಆಕೆಯ ಕೈಯಲ್ಲಿರುವುದು ಮೂರೇ: ಯಾರ ಹೆಸರೂ ಎದುರಿಗಿಲ್ಲದಾಗ ಎಲ್ಲರೂ ಒಪ್ಪಿ ಬರೆದ ನಿಯಮ, ಎಲ್ಲರೂ ಕುಳಿತ ಸಭೆ, ಎಲ್ಲರಿಗೂ ತೆರೆದಿರುವ ಪುಸ್ತಕ. ಈ ಮೂರರಲ್ಲಿ ಒಂದು ತಪ್ಪಿದರೂ ಆಕೆಯ ನ್ಯಾಯದ ಮಾತು ಸಹ ಸ್ವಂತ ಹಟದಂತೆ ಕೇಳಿಸುತ್ತದೆ.

ಇದರ ಬುನಾದಿ ಇರುವುದು ವಾರದ ಸಭೆಯಲ್ಲಿ ಹಣ ಕೈಬದಲಾಗುವ ಕ್ರಮದಲ್ಲಿ. ಸಭೆಯ ಆರಂಭದಲ್ಲಿ ಹಿಂದಿನ ವಾರದ ನಡಾವಳಿಯನ್ನು ಗಟ್ಟಿಯಾಗಿ ಓದಬೇಕು. ಓದು ಬಾರದ ತಾಯಂದಿರಿರುವ ಸಂಘದಲ್ಲಂತೂ ಇದನ್ನು ಬಿಡುವಂತೆಯೇ ಇಲ್ಲ. ಅವರ ಪಾಲಿಗೆ ಕಿವಿಗೆ ಬಿದ್ದ ಲೆಕ್ಕವೇ ಲೆಕ್ಕ. ಆಮೇಲೆ ಒಬ್ಬೊಬ್ಬರೂ ಉಳಿತಾಯದ ಹಣವನ್ನು ಚಾಪೆಯ ಮೇಲಿಟ್ಟು ಮೊತ್ತವನ್ನು ತಾವೇ ಹೇಳಬೇಕು. ಬರೆಯುವವರು ಅದನ್ನು ಸಂಘದ ಪುಸ್ತಕದಲ್ಲೂ ಆಕೆಯ ಪಾಸ್‌ಬುಕ್‌ನಲ್ಲೂ ಅಲ್ಲಿಯೇ ಬರೆಯಬೇಕು. "ಪಾಸ್‌ಬುಕ್ ನಮ್ಮ ಮನ್ಯಾಗ ಇರ್ಲಿ, ಆಮ್ಯಾಲೆ ಬರದು ಕೊಡ್ತೀನಿ" ಎಂದು ಪ್ರತಿನಿಧಿ ಎಷ್ಟೇ ಪ್ರಾಮಾಣಿಕವಾಗಿ ಹೇಳಿದರೂ ಮುಂದಿನ ಅನುಮಾನಕ್ಕೆ ಅದೇ ಬೀಜ. ಸಭೆ ಮುಗಿಯುವ ಮುನ್ನ ಎರಡನೆಯವರೊಬ್ಬರು ನಗದನ್ನು ಮತ್ತೆ ಎಣಿಸಿ, ನಗದು ಪುಸ್ತಕದ ಮೊತ್ತಕ್ಕೆ ತಾಳೆ ನೋಡಬೇಕು. ಬ್ಯಾಂಕಿಗೆ ಕಟ್ಟಲು ಪ್ರತಿನಿಧಿಯೊಡನೆ ಇನ್ನೊಬ್ಬ ಸದಸ್ಯೆ ಸರದಿಯಂತೆ ಹೋಗಬೇಕು, ಮುಂದಿನ ಸಭೆಯಲ್ಲಿ ಚಲನ್ ಕೈಯಿಂದ ಕೈಗೆ ದಾಟಬೇಕು.

ಕ್ರಮ ಸಡಿಲವಾಗಿದೆಯೇ ಎಂದು ತಿಳಿಯಲು ಲೆಕ್ಕಪರಿಶೋಧಕರು ಬರಬೇಕೆಂದಿಲ್ಲ. ಹಾಜರಿಯ ಸಹಿಗಳು ನಾಲ್ಕಾರು ವಾರ ಒಂದೇ ಪೆನ್ನಿನಲ್ಲಿ ಒಂದೇ ದಿನ ಹಾಕಿದಂತಿದ್ದರೆ ಸಭೆ ನಡೆಯುತ್ತಿಲ್ಲ, ಹಣ ಮಾತ್ರ ಪ್ರತಿನಿಧಿಯ ಮನೆಗೆ ಸೇರುತ್ತಿದೆ ಎಂದರ್ಥ. ಪುಸ್ತಕದಲ್ಲಿ ಕೈಯಲ್ಲಿರುವ ನಗದು ತೋರಿಸಿದಷ್ಟು ಕೇಳಿದ ಕೂಡಲೇ ಹೊರಬರದಿದ್ದರೆ ಅದು ಯಾರದೋ ಮನೆಯ ಖರ್ಚಿಗೆ ಹೋಗಿರಬಹುದು. ಮಕ್ಕಳ ಕೈಯಲ್ಲಿ ಹಣ ಕಳುಹಿಸಿ ಸಭೆಗೆ ಬಾರದವರು ಹೆಚ್ಚಾದರೆ, ಅಲ್ಲಿ ಮುಂದೆ ಆಗುವ ಯಾವ ತೀರ್ಮಾನವನ್ನೂ ಅವರು ತಮ್ಮದೆಂದು ಒಪ್ಪುವುದಿಲ್ಲ.

ಈಗ ಪ್ರಕರಣಕ್ಕೆ ಬರೋಣ. ಲೆಕ್ಕ ತಿಳಿಯಲೆಂದು ನಾವು ಕಲ್ಪಿಸಿಕೊಂಡ ಸಂಘವಿದು. ಹದಿನೈದು ಮಂದಿ, ಬುಧವಾರ ಸಂಜೆಯ ಸಭೆ, ವಾರಕ್ಕೆ 50 ರೂಪಾಯಿ ಉಳಿತಾಯ. 52 ವಾರ ತಪ್ಪದೆ ನಡೆದಿದೆ. ಒಬ್ಬೊಬ್ಬರ ಉಳಿತಾಯ 2,600, ಒಟ್ಟು 39,000. ಒಳಸಾಲದ ಮೇಲೆ ಕೈಗೆ ಬಂದ ಬಡ್ಡಿ ಮತ್ತು ದಂಡದಲ್ಲಿ ಖರ್ಚು ಕಳೆದು 3,900 ಉಳಿದಿದೆ. ಹೀಗೆ ಸಂಘದ ನಿಧಿ 42,900. ಅದರಲ್ಲಿ 36,000 ಸಾಲವಾಗಿ ಸದಸ್ಯರ ಬಳಿ ಇದೆ. ಅಂದಿನ ಸಂಗ್ರಹವೂ ಸೇರಿ ಬ್ಯಾಂಕಿನಲ್ಲೂ ಕೈಯಲ್ಲೂ ಇರುವುದು 6,900.

ಹೊಲಿಗೆ ಮಾಡುವ ಒಬ್ಬ ತಂಗಿ ಯಂತ್ರಕ್ಕೆಂದು 10,000 ಸಾಲ ಪಡೆದಿದ್ದಾಳೆ. ತಿಂಗಳಿಗೆ ಅಸಲು 1,000, ಉಳಿದ ಅಸಲಿನ ಮೇಲೆ ನೂರಕ್ಕೆ 1 ರೂಪಾಯಿ ಬಡ್ಡಿ. ನಾಲ್ಕು ಕಂತು ಸರಿಯಾಗಿ ಬಂದಿವೆ. ಬಡ್ಡಿ 100, 90, 80, 70. ಬಾಕಿ ಅಸಲು 6,000. ಆಮೇಲೆ ಮೂರು ತಿಂಗಳಿಂದ ಏನೂ ಬಂದಿಲ್ಲ. ಮೂರು ಕಂತಿನ 3,000, ಬಡ್ಡಿ 180 ನಿಂತಿದೆ. ಅದೇ ಬುಧವಾರ ಇಬ್ಬರು ಸಾಲ ಕೇಳುತ್ತಾರೆ. ಈವರೆಗೆ ಸಾಲವನ್ನೇ ಪಡೆಯದ ಒಬ್ಬ ತಾಯಿಗೆ ಬಿತ್ತನೆ ಬೀಜ, ಗೊಬ್ಬರಕ್ಕೆ 5,000 ಬೇಕು. ಪ್ರತಿನಿಧಿಯ ನಾದಿನಿಗೆ ಎಮ್ಮೆ ಕೊಳ್ಳಲು ತನ್ನ ಕೈಯ ಹಣದ ಜೊತೆಗೆ 6,000 ಬೇಕು. ಆಕೆ ಒಮ್ಮೆ ಸಾಲ ಪಡೆದು ತೀರಿಸಿದವಳು. ಇರುವ 6,900ರಲ್ಲಿ 11,000 ಆಗದು. "ಆಕಿ ಕಟ್ಟಿದ್ರ ನನಗೂ ಸಿಗ್ತಿತ್ತು" ಎಂಬ ಮಾತು ಎಮ್ಮೆ ಬೇಕಾದವಳಿಂದ ಬಂದೇ ಬರುತ್ತದೆ. ಎಲ್ಲರ ಕಣ್ಣು ಪ್ರತಿನಿಧಿಯ ಮೇಲೆ.

ಇಲ್ಲಿ ಆಕೆ ಮಾಡಬೇಕಾದ ಮೊದಲ ಕೆಲಸ ಬಾಕಿ ಮತ್ತು ಹೊಸ ಸಾಲ ಎರಡನ್ನೂ ಬೇರೆ ಬೇರೆ ವಿಷಯವಾಗಿ ಸಭೆಯ ಮುಂದಿಡುವುದು. ಕೂಡಿಸಿದರೆ ಹೊಲಿಗೆಯ ತಂಗಿ ಎಲ್ಲರ ಸಿಟ್ಟಿಗೂ ಗುರಿಯಾಗುತ್ತಾಳೆ. ಲೆಕ್ಕ ನೋಡಿದರೆ ಆಕೆ 3,180 ಕಟ್ಟಿದ್ದರೂ ಇರುತ್ತಿದ್ದುದು 10,080. ಇಬ್ಬರಿಗೂ ಪೂರ್ಣ ಕೊಡಲು ಆಗಲೂ 920 ಕಡಿಮೆಯೇ. ಈ ಲೆಕ್ಕವನ್ನು ಚಾಪೆಯ ಮೇಲೆ ಬಿಡಿಸಿ ತೋರಿಸಿದರೆ ಅರ್ಧ ಜಗಳ ಅಲ್ಲಿಯೇ ತಣ್ಣಗಾಗುತ್ತದೆ.

ಬಾಕಿಯ ವಿಷಯದಲ್ಲಿ ಪುಸ್ತಕ ಮೊದಲು ಮಾತಾಡಬೇಕು, ಮನುಷ್ಯರು ಆಮೇಲೆ. ಯಾವ ದಿನ ಎಷ್ಟು ಸಾಲ, ಯಾವ ಕಂತು ಬಂತು, ಯಾವುದು ನಿಂತಿತು ಎಂಬುದನ್ನು ಓದಬೇಕು. ಅದು ಸರಿಯೇ ಎಂದು ಆ ತಂಗಿಯನ್ನೇ ಕೇಳಬೇಕು. ಆಕೆಯ ಪಾಸ್‌ಬುಕ್ ಬೇರೆ ಲೆಕ್ಕ ಹೇಳಿದರೆ ಅಲ್ಲಿಗೆ ವಿಚಾರಣೆ ನಿಲ್ಲಿಸಿ ಮೊದಲು ಆ ವ್ಯತ್ಯಾಸವನ್ನು ಬಗೆಹರಿಸಬೇಕು. ಲೆಕ್ಕ ಒಪ್ಪಿಗೆಯಾದ ಮೇಲೆ ಕಾರಣ ಕೇಳಬೇಕು, ಆಕೆ ಮಾತು ಮುಗಿಸುವ ತನಕ ಇನ್ನೊಬ್ಬರು ನಡುವೆ ಬಾಯಿ ಹಾಕಬಾರದು. ಎಲ್ಲ ಕಾರಣಗಳನ್ನೂ ಸಭೆಯಲ್ಲಿ ಹೇಳಲಾಗದು ಎಂಬ ಅರಿವು ಪ್ರತಿನಿಧಿಗಿರಬೇಕು. ಗಂಡ ಕುಡಿದು ಹಣ ಕಸಿದುಕೊಂಡನೆಂದು ಹದಿನಾಲ್ಕು ಮಂದಿಯ ಮುಂದೆ ಯಾವ ಹೆಣ್ಣುಮಗಳು ಹೇಳಿಯಾಳು?

ಅದಕ್ಕಾಗಿಯೇ ಮನೆ ಭೇಟಿ. ಇಬ್ಬರನ್ನು ಸಭೆಯೇ ಆರಿಸಲಿ. ಅವರು ಆಕೆಯ ಬಂಧುಗಳಾಗಿರಬಾರದು, ಗೋಡೆ ಹಂಚಿಕೊಂಡ ನೆರೆಯವರೂ ಆಗಿರಬಾರದು, ಆ ಹೊತ್ತಿನಲ್ಲಿ ಸಾಲ ಕೇಳಿ ಕಾದು ಕುಳಿತವರಂತೂ ಬೇಡವೇ ಬೇಡ. ಅತ್ತೆ ಮಾವ ಊಟಕ್ಕೆ ಕುಳಿತ ಹೊತ್ತು ಬಿಟ್ಟು ಆಕೆ ಒಬ್ಬಳೇ ಸಿಗುವ ವೇಳೆಗೆ ಹೋಗಬೇಕು. ಗುಂಪುಗೂಡಿ ಬಾಗಿಲಲ್ಲಿ ಕೂರುವುದು, ಸಿಲಿಂಡರ್, ಪಾತ್ರೆ ಎತ್ತಿ ತರುವುದು, ನಳದ ಬಳಿ ಹೆಸರೆತ್ತಿ ಅಣಕಿಸುವುದು ಇಂಥವು ನಡೆಯುತ್ತವೆ ಎಂಬುದನ್ನು ನಾವು ಬಲ್ಲೆವು. ಹೀಗೆ ಮಾಡಲು ಸಂಘಕ್ಕೆ ಹಕ್ಕಿಲ್ಲ. ಅವಮಾನಕ್ಕೆ ಅಂಜಿದ ಹೆಣ್ಣುಮಗಳು ಖಾಸಗಿ ಲೇವಾದೇವಿಯವರಲ್ಲಿ ಹೆಚ್ಚಿನ ಬಡ್ಡಿಗೆ ಸಾಲ ತಂದು ಸಂಘಕ್ಕೆ ಕಟ್ಟುತ್ತಾಳೆ. ಪುಸ್ತಕದಲ್ಲಿ ಬಾಕಿ ತೀರುತ್ತದೆ, ಮನೆ ಮುಳುಗುತ್ತದೆ.

ನಮ್ಮ ಉದಾಹರಣೆಯಲ್ಲಿ ಭೇಟಿಯಿಂದ ತಿಳಿದುದು ಕಾಯಿಲೆ: ಎರಡು ತಿಂಗಳು ಹೊಲಿಗೆಯೇ ಇರಲಿಲ್ಲ, ಈಗ ಮತ್ತೆ ಕೂತಿದ್ದಾಳೆ. ಯಂತ್ರ ಮನೆಯಲ್ಲಿದೆ, ಕೆಲಸ ಬರುತ್ತಿದೆ. ಇಂಥಲ್ಲಿ ಸಾಲವನ್ನು ಹೊಸ ಕಂತಿಗೆ ಇಳಿಸುವುದೇ ಸರಿ. 6,000ವನ್ನು ತಿಂಗಳಿಗೆ 600ರಂತೆ ಹತ್ತು ಕಂತು ಮಾಡಬಹುದು. ನಿಂತ ಬಡ್ಡಿ 180ನ್ನು ಮನ್ನಾ ಮಾಡದೆ 60ರಂತೆ ಮೂರು ತಿಂಗಳಿಗೆ ಹಂಚಬಹುದು. ಆಗ ಮೊದಲ ತಿಂಗಳು 600, ಆ ತಿಂಗಳ ಬಡ್ಡಿ 60, ಹಳೆಯ ಬಡ್ಡಿ 60 ಸೇರಿ 720. ಎರಡನೆಯದು 714, ಮೂರನೆಯದು 708. ನಾಲ್ಕನೆಯದು 642, ಆಮೇಲೆ ತಿಂಗಳು ತಿಂಗಳಿಗೆ 6 ರೂಪಾಯಿ ಇಳಿಯುತ್ತದೆ. ಬಡ್ಡಿ ಏಕೆ ಬಿಡಬಾರದೆಂದು ಕೆಲವರು ಕೇಳಿಯಾರು. ಅದು ಸಾಲದ ಹಣವನ್ನು ಬಳಸಿಕೊಂಡ ಕಾಲಕ್ಕೆ ಎಲ್ಲರಿಗೂ ಸಲ್ಲಬೇಕಾದ ಪಾಲು. ಕಾಯಿಲೆಯ ಕಾರಣಕ್ಕೆ ತಡವಾದ ಕಂತಿನ ದಂಡವನ್ನು ಬಿಡಬಹುದು. ಆದರೆ ಹಾಗೆ ಬಿಟ್ಟುದನ್ನು, ಕಾರಣಸಹಿತ, ನಡಾವಳಿಯಲ್ಲಿ ಬರೆಯಬೇಕು. ಮುಂದೆ ಇನ್ನೊಬ್ಬಳು ಕಾಯಿಲೆ ಬಿದ್ದಾಗ ಸಂಘ ಅದೇ ಅಳತೆಗೋಲು ಹಿಡಿಯಬೇಕಲ್ಲ!

ಕಾರಣ ಬೇರೆ ಇದ್ದಿದ್ದರೆ? ಯಂತ್ರವನ್ನೇ ಕೊಂಡಿರದೆ, ಹಣವನ್ನು ಸಂಘದ ಮತ್ತೊಬ್ಬಳಿಗೋ ಹೊರಗಿನವರಿಗೋ ಕೊಟ್ಟಿದ್ದರೆ? ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಪಡೆಯುವ ಇಂಥ ಸಾಲವನ್ನು ಗುರುತಿಸುವುದು ಕಷ್ಟವಲ್ಲ. ಕಂತಿನ ಹಣ ತರುವವರು ಬೇರೆ. ಸಾಲ ಪಡೆದವಳಿಗೆ ಎಷ್ಟು ಕಂತು ಉಳಿದಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಯಾವ ಕೆಲಸಕ್ಕೆ ಸಾಲವೋ ಆ ವಸ್ತು ಮನೆಯಲ್ಲಿ ಕಾಣುವುದಿಲ್ಲ. ಬ್ಯಾಂಕಿನ ದೊಡ್ಡ ಸಾಲ ಬಂದಾಗ ಬೇಕಾದವರಿಗೂ ಬೇಡದವರಿಗೂ ಸಮಪಾಲು ಮಾಡಿ ಹಂಚುವ ರೂಢಿ ಇದಕ್ಕೆ ದೊಡ್ಡ ದಾರಿ ಎಂಬುದು ನಮ್ಮ ಅಭಿಪ್ರಾಯ. ಸಮಪಾಲು ನೋಡಲು ನ್ಯಾಯದಂತೆ ಕಂಡರೂ, ಬೇಡವಾದವಳ ಪಾಲು ಬೇಕಾದವಳ ಕೈಗೆ ಗುಟ್ಟಾಗಿ ಸೇರುತ್ತದೆ. ಬ್ಯಾಂಕ್ ಸಾಲಕ್ಕೆ ಎಲ್ಲರೂ ಹೊಣೆ. ಒಬ್ಬಳು ತಪ್ಪಿದರೆ ಮುಂದಿನ ಸಾಲಕ್ಕೆ ಎಲ್ಲರಿಗೂ ತೊಡಕು. ಇಂಥ ಸಂಗತಿ ಹೊರಬಿದ್ದಾಗ ಸಹಿ ಮಾಡಿದವಳೇ ಹೊಣೆಗಾರಳು ಎಂಬುದನ್ನು ಸಡಿಲಿಸದೆ, ಹಣ ಬಳಸಿದವಳನ್ನೂ ಸಭೆಯಲ್ಲಿ ಕೂರಿಸಿ, ಆಕೆ ಯಾವ ದಿನ ಎಷ್ಟು ಕೊಡುತ್ತಾಳೆಂದು ಇಬ್ಬರ ಸಹಿಯೊಂದಿಗೆ ಬರೆಸಬೇಕು. ಅದು ತೀರುವ ತನಕ ಇಬ್ಬರಿಗೂ ಹೊಸ ಸಾಲವಿಲ್ಲ.

ಇನ್ನು ಬೀಜದ ತಾಯಿ ಮತ್ತು ಎಮ್ಮೆಯ ನಾದಿನಿ. ನಾದಿನಿಯ ಅರ್ಜಿ ಬಂದ ಕೂಡಲೇ ಪ್ರತಿನಿಧಿ "ಇದು ನಮ್ಮ ಮನೆಯ ವಿಷಯ, ನಾನು ಮಾತಾಡುವುದಿಲ್ಲ" ಎಂದು ಹೇಳಿ, ಆ ಹೊತ್ತಿಗೆ ಸಭೆ ನಡೆಸುವುದನ್ನು ಎರಡನೇ ಪ್ರತಿನಿಧಿಗೆ ಬಿಟ್ಟು ಹಿಂದೆ ಸರಿಯಬೇಕು. ಹಾಗೆ ಸರಿದುದನ್ನೂ ಬರೆಸಬೇಕು. ಮನೆಗೆ ಹೋದಾಗ ಮುಖ ಊದಿಸಿಕೊಂಡವರನ್ನು ಎದುರಿಸಬೇಕಾದೀತು, ನಿಜ. ನಿಯಮ ಪುಸ್ತಕದಲ್ಲಿ "ಮೊದಲ ಸಲ ಕೇಳುವವರಿಗೆ ಮೊದಲ ಆದ್ಯತೆ, ತಡೆಯಲಾಗದ ಕೆಲಸಕ್ಕೆ ಅದರ ನಂತರ" ಎಂದೇನಾದರೂ ಮೊದಲೇ ಬರೆದಿದ್ದರೆ ಉತ್ತರ ಅಲ್ಲಿಯೇ ಇದೆ. ಮುಂಗಾರಿನ ಬಿತ್ತನೆ ಒಂದು ತಿಂಗಳು ಕಾಯಲಾರದು, ಎಮ್ಮೆ ಕಾಯಬಹುದು. 5,000 ಬೀಜಕ್ಕೆ ಕೊಟ್ಟರೆ 1,900 ಉಳಿಯುತ್ತದೆ. ಮುಂದಿನ ನಾಲ್ಕು ವಾರದ ಉಳಿತಾಯ 3,000, ಹೊಲಿಗೆಯ ತಂಗಿಯ 720, ಉಳಿದ ಸಾಲಗಾರರ ಕಂತು ಸೇರಿದರೆ 6,000 ದಾಟುವುದು ಕಷ್ಟವಲ್ಲ. ಆದ್ದರಿಂದ "ಮುಂದಿನ ತಿಂಗಳ ಮೊದಲ ಬುಧವಾರ ಎಮ್ಮೆಯ ಸಾಲಕ್ಕೆ ಮೊದಲ ಹಕ್ಕು" ಎಂದು ದಿನಾಂಕಸಹಿತ ನಿರ್ಣಯ ಬರೆಯಬೇಕು. "ಆಮೇಲೆ ನೋಡೋಣ" ಎಂಬ ಮಾತಿಗೂ ದಿನಾಂಕವಿರುವ ಸಾಲಿಗೂ ಬಹಳ ಅಂತರವಿದೆ. ಮೊದಲನೆಯದರಲ್ಲಿ ಅನುಮಾನ ಬೆಳೆಯುತ್ತದೆ.

ತೀರ್ಮಾನಕ್ಕೆ ಕೈ ಎತ್ತಿಸುವ ಮೊದಲು, ಎಂದೂ ಮಾತಾಡದ ಇಬ್ಬರು ಮೂವರನ್ನು ಹೆಸರಿಡಿದು ಕೇಳುವುದು ಒಳ್ಳೆಯ ಅಭ್ಯಾಸ. "ನೀವ್ ಹೇಳ್ದಂಗ್ರೀ ಅಕ್ಕಾರ" ಎಂದು ಎಲ್ಲರೂ ಪ್ರತಿನಿಧಿಯತ್ತ ನೋಡುವ ಸಂಘದಲ್ಲಿ ಆಕೆ ತನ್ನ ಅಭಿಪ್ರಾಯವನ್ನು ಕೊನೆಯಲ್ಲಿ ಹೇಳಲಿ. ಮೊದಲೇ ಹೇಳಿದರೆ ಉಳಿದವರ ಮಾತು ಹೊರಬರುವುದಿಲ್ಲ. ಸಭೆ ಮುಗಿದು ಓಣಿಯಲ್ಲಿ ಹೊರಬರುತ್ತದೆ.

ಸಿಟ್ಟಿನಿಂದಲೋ ಊರು ಬಿಡುವುದರಿಂದಲೋ ಯಾರಾದರೂ ಸಂಘ ಬಿಡುವೆನೆಂದಾಗಲೂ ಲೆಕ್ಕವೇ ಮಾತಾಡಬೇಕು. ಮೇಲಿನ ಸಂಘದಲ್ಲಿ ಎಲ್ಲರೂ ಸಮನಾಗಿ ಉಳಿಸಿರುವುದರಿಂದ 3,900ರಲ್ಲಿ ಒಬ್ಬೊಬ್ಬರ ಪಾಲು 260. ಉಳಿತಾಯ ಸೇರಿ 2,860. ಆಕೆಯ ಸಾಲ 1,500, ಬಡ್ಡಿ 15 ಉಳಿದಿದ್ದರೆ ಕೈಗೆ ಸಲ್ಲುವುದು 1,345. ಕೈಗೆ ಬಂದ ಬಡ್ಡಿಯನ್ನು ಮಾತ್ರ ಹಂಚಬೇಕು, ಬರಬೇಕಾದುದನ್ನಲ್ಲ. ಹೊಲಿಗೆಯ ತಂಗಿಯ 180 ಈ ಲೆಕ್ಕಕ್ಕೆ ಸೇರದು. ಬ್ಯಾಂಕ್ ಸಾಲದಲ್ಲಿ ಆಕೆಯ ಪಾಲು ತೀರದೆ ಬಿಡುಗಡೆಯಿಲ್ಲ. ಅರ್ಜಿ ಕೊಟ್ಟ ಎಷ್ಟು ವಾರದೊಳಗೆ ಹಣ ಹಿಂದಿರುಗಿಸಬೇಕು, ನಡುವೆ ಸೇರಿದವರಿಗೆ ಲಾಭದ ಪಾಲು ಹೇಗೆ ಎಂಬುದನ್ನು ಯಾರೂ ಬಿಡುವ ಮಾತಾಡದ ಕಾಲದಲ್ಲೇ ಬರೆದಿಟ್ಟುಕೊಳ್ಳುವುದು ಲೇಸು.

ಸಭೆಯ ಕೈಮೀರಿದ ವಿಷಯಗಳೂ ಇವೆ. ಪುಸ್ತಕದ ಹಣವನ್ನು ಯಾರಾದರೂ ತಿಳಿದೂ ತಿಳಿದೂ ಲಪಟಾಯಿಸಿದ್ದರೆ ಅದನ್ನು ಮನೆಯ ಮಾತೆಂದು ಮುಚ್ಚಬಾರದು. ಬ್ಯಾಂಕಿಗೂ ಒಕ್ಕೂಟಕ್ಕೂ ಬರೆದು ತಿಳಿಸಿ, ಅಗತ್ಯಬಿದ್ದರೆ ಪೊಲೀಸರಿಗೆ ದೂರು ಕೊಡಬೇಕು. ಬಾಕಿಯ ಹಿಂದೆ ಹೊಡೆತ ಬಡಿತವಿದೆ ಎಂದು ಭೇಟಿಗೆ ಹೋದವರಿಗೆ ಕಂಡುಬಂದರೆ ಕಂತಿನ ಮಾತನ್ನು ಬದಿಗಿಟ್ಟು, ಆ ತಾಯಿ ಒಪ್ಪಿದಲ್ಲಿ, 181 ಮಹಿಳಾ ಸಹಾಯವಾಣಿಗೆ ಕರೆ ಮಾಡಲು ನೆರವಾಗಬೇಕು.

ಕೊನೆಯದಾಗಿ, ಪ್ರತಿನಿಧಿ ಬದಲಾಗುವ ದಿನದ ಬಗ್ಗೆ ಒಂದು ಮಾತು. ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಈ ಹೊಣೆ ಕೈಬದಲಾಗಲೇಬೇಕೆಂಬುದು ನಮ್ಮ ಸಲಹೆ. ಓದಲು ಬರೆಯಲು ಬಾರದವರೂ ಪ್ರತಿನಿಧಿಯಾಗಬಹುದು. ಬರೆಯುವ ಕೆಲಸಕ್ಕೆ ಇನ್ನೊಬ್ಬರಿದ್ದರಾಯಿತು. ಅಂದು ನಗದನ್ನು ಎಲ್ಲರೆದುರು ಎಣಿಸಿ, ಬ್ಯಾಂಕ್ ಪಾಸ್‌ಬುಕ್ಕನ್ನು ಅದೇ ವಾರ ಮುದ್ರಿಸಿ ತಂದು, ಒಬ್ಬೊಬ್ಬರ ಸಾಲದ ಬಾಕಿಯನ್ನು ಗಟ್ಟಿಯಾಗಿ ಓದಿ ಅವರಿಂದ "ಹೌದು" ಎನ್ನಿಸಿಕೊಳ್ಳಬೇಕು. ಚೆಕ್ ಪುಸ್ತಕದಲ್ಲಿ ಮುಂಚಿತವಾಗಿ ಸಹಿ ಮಾಡಿಟ್ಟ ಹಾಳೆಗಳಿದ್ದರೆ ಅಲ್ಲಿಯೇ ರದ್ದು ಮಾಡಬೇಕು. ಆಮೇಲೆ ಪುಸ್ತಕಗಳ, ಮೊಹರಿನ, ಪೆಟ್ಟಿಗೆಯ ಕೀಲಿಯ ಪಟ್ಟಿಗೆ ಹಳಬರೂ ಹೊಸಬರೂ ಸಹಿ ಹಾಕಿ, ಸಹಿದಾರರ ಬದಲಾವಣೆಯ ನಿರ್ಣಯದ ಪ್ರತಿಯನ್ನು ಇಬ್ಬರೂ ಕೂಡಿಯೇ ಬ್ಯಾಂಕಿಗೆ ಒಯ್ಯಬೇಕು.